ಪರಿಚಯ ಇಲ್ಲದ ಸೀನಿಯರ್‌ಗೆ ಮೊದಲ ಮೇಲ್: ಎರಡು ಸಾಲಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆ ಕೇಳಿ

ನಮ್ಮ ಇನ್‌ಬಾಕ್ಸಿಗೆ ತಿಂಗಳು ತಿಂಗಳೂ ಬರೋ ಒಂದು ಮಾತಿದೆ. "ನಮ್ಮ ಕಾಲೇಜಲ್ಲಿ ಓದಿದ ಯಾರೋ ಒಬ್ಬರು ಒಳ್ಳೆ ಕೆಲಸದಲ್ಲಿ ಇದ್ದಾರಂತೆ. ಅವರನ್ನ ಕೇಳಿದ್ರೆ ದಾರಿ ಹೇಳ್ತಾರಾ? ಏನಂತ ಬರೀಬೇಕು?" ಮಂಜೇಶ್ವರದಿಂದಲೂ ಬರುತ್ತೆ, ಜತ್ತದಿಂದಲೂ ಬರುತ್ತೆ, ತಾಳವಾಡಿ, ಆದೋನಿಯಿಂದಲೂ ಬರುತ್ತೆ. ಕೇಳುವವರ ಓದು ಬೇರೆ ಬೇರೆ, ಸಂಕೋಚ ಮಾತ್ರ ಒಂದೇ. ಮನೆಯಲ್ಲಾಗಲಿ ನೆಂಟರಲ್ಲಾಗಲಿ ಆ ಕೆಲಸ ಮಾಡಿದವರು ಯಾರೂ ಇಲ್ಲ. ಹಾಗಿರುವಾಗ ಮುಖ ನೋಡದ ಒಬ್ಬರಿಗೆ ಹೇಗೆ ಬರೆಯೋದು?

ಇವತ್ತು ಆ ಒಂದು ಮೇಲ್ ಬಗ್ಗೆ ಮಾತ್ರ ಮಾತಾಡೋಣ. ನಮ್ಮಲ್ಲಿ ಕೆಲವರು ಈಗ ಕೆಲಸದಲ್ಲಿರುವುದರಿಂದ ಇಂಥ ಮೇಲ್‌ಗಳು ನಮಗೂ ಬರ್ತಾವೆ. ಕೆಲವಕ್ಕೆ ಬಸ್ಸಲ್ಲಿ ಕೂತೇ ಉತ್ತರ ಬರೆದಿದ್ದೇವೆ. ಕೆಲವನ್ನು "ಭಾನುವಾರ ನೋಡೋಣ" ಅಂತ ಬಿಟ್ಟು ಮರೆತಿದ್ದೇವೆ. ಮರೆತದ್ದು ಬರೆದವರ ಮೇಲಿನ ಅಸಡ್ಡೆಯಿಂದಲ್ಲ. ಉತ್ತರಿಸೋಕೆ ಒಂದು ಗಂಟೆ ಬೇಕು ಅನ್ನಿಸುವ ಹಾಗೆ ಆ ಮೇಲ್ ಬರೆದಿದ್ದರು, ಅಷ್ಟೇ.

ಮೊದಲು ಒಂದು ಹಳೆಯ ಅಧ್ಯಯನದ ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಬೋಸ್ಟನ್ ಪಕ್ಕದ ಒಂದು ಊರಿನಲ್ಲಿ ಆಗಷ್ಟೇ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸದ ಸುಳಿವು ಸಿಕ್ಕವರಿಗೆ "ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ" ಅಂತ ಕೇಳಿದರು. ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರೆಲ್ಲ ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಕಂಡವರಿಂದ ಸುಳಿವು ಪಡೆದಿದ್ದರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತೆ, ಹೊಸ ಸಂಗತಿ ಬರುವುದು ದೂರದವರಿಂದ. ನೀವು ಎಂದೂ ಕಾಣದ ಹಳೆ ವಿದ್ಯಾರ್ಥಿ ಅದಕ್ಕಿಂತಲೂ ದೂರದವರು. ನಿಮ್ಮಿಬ್ಬರ ನಡುವೆ ಇರುವ ದಾರ ಒಂದೇ, ಇಬ್ಬರೂ ಕೂತ ಆ ಬೆಂಚು. ಮೇಲ್ ಆ ದಾರವನ್ನು ಹಿಡಿದು ಶುರುವಾಗಬೇಕು.

ಒಂದು ಉದಾಹರಣೆಯನ್ನೇ ಕೊನೆತನಕ ಹಿಡಿದು ಹೋಗೋಣ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ ಜಿಯಾಲಜಿ ಮೂರನೇ ವರ್ಷ ಓದುವ ಒಬ್ಬ ಹುಡುಗಿ ಅಂದುಕೊಳ್ಳಿ. ಅವಳಿಗೆ ಅಂತರ್ಜಲದ ಕೆಲಸದ ಮೇಲೆ ಮನಸ್ಸು. ಅವಳೂರು ಸುರಂಗದ ನೀರಿನ ಊರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯೋದನ್ನ ಚಿಕ್ಕಂದಿನಿಂದ ನೋಡಿದ್ದಾಳೆ. ಈಗ ಅವಳ ಮುಂದೆ ಎರಡು ದಾರಿ. ಒಂದು, ಜಾಮ್ ಪರೀಕ್ಷೆ ಬರೆದು ನೇರ ಎಂ.ಎಸ್ಸಿಗೆ ಹೋಗೋದು. ಇನ್ನೊಂದು, ಒಂದು ವರ್ಷ ಬೋರ್‌ವೆಲ್ ಸರ್ವೆ ಮಾಡುವವರ ಹತ್ತಿರ ಫೀಲ್ಡ್ ಕೆಲಸ ಕಲಿತು ಆಮೇಲೆ ಎಂ.ಎಸ್ಸಿಗೆ ಹೋಗೋದು. ಅದೇ ವಿಭಾಗದಲ್ಲಿ ಓದಿ ಈಗ ಬೆಂಗಳೂರಲ್ಲಿ ಅಂತರ್ಜಲದ ಕೆಲಸ ಮಾಡುವ ಒಬ್ಬ ಸೀನಿಯರ್ ಇದ್ದಾರೆ ಅಂತ ಅವಳಿಗೆ ಗೊತ್ತಾಗಿದೆ.

ಅವಳು ಬರೆದ ಮೊದಲ ಕರಡು ಹೀಗಿತ್ತು ಅಂತಿಟ್ಟುಕೊಳ್ಳಿ:

"ಮಾನ್ಯರೇ, ನಾನು ಗಡಿನಾಡಿನ ಬಡ ಕುಟುಂಬದಿಂದ ಬಂದ ವಿದ್ಯಾರ್ಥಿನಿ. ನನಗೆ ಜಿಯಾಲಜಿಯಲ್ಲಿ ತುಂಬಾ ಆಸಕ್ತಿ ಇದೆ. ನಿಮ್ಮ ಸಾಧನೆ ನೋಡಿ ತುಂಬಾ ಹೆಮ್ಮೆಯಾಯಿತು. ಜಿಯಾಲಜಿಯಲ್ಲಿ ಯಾವ ಯಾವ ಅವಕಾಶಗಳಿವೆ? ಯುಪಿಎಸ್‌ಸಿ ಜಿಯೋ ಸೈಂಟಿಸ್ಟ್ ಪರೀಕ್ಷೆಗೆ ಅರ್ಹತೆ ಏನು? ಹೇಗೆ ತಯಾರಿ ಮಾಡಬೇಕು? ನನ್ನ ಭವಿಷ್ಯಕ್ಕೆ ದಯವಿಟ್ಟು ಮಾರ್ಗದರ್ಶನ ನೀಡಿ. ನಿಮ್ಮ ಕಂಪನಿಯಲ್ಲಿ ಕೆಲಸ ಇದ್ದರೆ ತಿಳಿಸಿ. ನನ್ನ ರೆಸ್ಯೂಮೆ ಲಗತ್ತಿಸಿದ್ದೇನೆ."

ಇದರಲ್ಲಿ ಸುಳ್ಳೇನಿಲ್ಲ, ಮರ್ಯಾದೆಯೂ ಇದೆ. ಆದ್ರೂ ಇಂಥ ಮೇಲ್‌ಗೆ ಉತ್ತರ ಬರೋದು ಕಷ್ಟ. ಓದುವವರ ಕಡೆಯಿಂದ ನೋಡಿ.

"ಯಾವ ಯಾವ ಅವಕಾಶಗಳಿವೆ" ಅನ್ನೋದಕ್ಕೆ ಒಂದು ಪುಸ್ತಕ ಬರೀಬೇಕು. ಎಲ್ಲಿಂದ ಶುರು ಮಾಡೋದು ಅಂತ ಯೋಚಿಸುವಷ್ಟರಲ್ಲಿ ಅವರ ಸ್ಟಾಪ್ ಬಂದಿರುತ್ತೆ.

"ಅರ್ಹತೆ ಏನು" ಅನ್ನುವ ಪ್ರಶ್ನೆಯ ತೊಂದರೆ ಬೇರೆ. ಅದಕ್ಕೆ ಉತ್ತರ ಬೇರೆ ಕಡೆ ಬರೆದಿಟ್ಟಿದೆ. ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆಗೆ ಆ ವಿಷಯದ ಸ್ನಾತಕೋತ್ತರ ಪದವಿ ಬೇಕು, ಅದು ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಅಂತ ಮೂರು ಹಂತದಲ್ಲಿ ನಡೆಯುತ್ತೆ ಅನ್ನೋದು ಯುಪಿಎಸ್‌ಸಿ ಅಧಿಸೂಚನೆಯಲ್ಲೇ ಇರುತ್ತೆ. ಅದನ್ನ ಕೇಳಿದ ಕೂಡಲೇ ಆ ಸೀನಿಯರ್‌ಗೆ "ಈ ಹುಡುಗಿ ಅಧಿಸೂಚನೆ ತೆರೆದೇ ನೋಡಿಲ್ಲ" ಅಂತ ಗೊತ್ತಾಗಿಬಿಡುತ್ತೆ.

"ಕೆಲಸ ಇದ್ದರೆ ತಿಳಿಸಿ" ಅನ್ನೋದು ಮೂರನೇ ತೊಡಕು. ಕೆಲಸ ಕೊಡೋದು ಹೆಚ್ಚಿನವರ ಕೈಯಲ್ಲಿ ಇರಲ್ಲ. ಇಲ್ಲ ಅಂತ ಬರೆಯೋಕೆ ಮುಜುಗರ, ಹಾಗಾಗಿ ಏನೂ ಬರೆಯದೆ ಬಿಡ್ತಾರೆ. ಆ ಒಂದು ವಾಕ್ಯದಿಂದ ಮೇಲಿನ ಎಲ್ಲ ಪ್ರಶ್ನೆಗಳೂ ಕೆಲಸ ಕೇಳೋಕೆ ಪೀಠಿಕೆ ಅನ್ನೋ ಹಾಗೆ ಕಾಣ್ತಾವೆ. ರೆಸ್ಯೂಮೆ ಲಗತ್ತಿಸಿದರೂ ಇದೇ ಕತೆ. ಅವರು ಕೇಳಿದಾಗ ಕಳಿಸಿದರೆ ಸಾಕು.

ಇನ್ನು "ಬಡ ಕುಟುಂಬ" ಅನ್ನೋ ಮಾತು. ಅದು ನಿಜವೇ ಇರಬಹುದು, ನಾಚಿಕೆ ಪಡುವಂಥದ್ದೂ ಅಲ್ಲ. ಆದರೆ ಮೊದಲ ಮೇಲ್‌ನಲ್ಲಿ ಅದು ಓದುವವರ ಮೇಲೆ ಒಂದು ಭಾರ ಹೊರಿಸುತ್ತೆ. ನೀವು ಕೇಳ್ತಿರೋದು ಸಹಾಯಧನ ಅಲ್ಲ, ಒಂದು ತಿಳಿವಳಿಕೆ. ಹಣದ ಮಾತು ನಿಮ್ಮ ಪ್ರಶ್ನೆಯ ಭಾಗವೇ ಆಗಿದ್ದರೆ ಅದನ್ನು ಪ್ರಶ್ನೆಯಾಗಿಯೇ ಕೇಳಿ: "ಎಂ.ಎಸ್ಸಿ ಓದುವಾಗ ಹಾಸ್ಟೆಲ್ ಖರ್ಚಿಗೆ ನೀವು ಏನು ಮಾಡಿದಿರಿ?" ಇದು ಉತ್ತರ ಕೊಡಬಹುದಾದ ಪ್ರಶ್ನೆ.

ಹಾಗಾದ್ರೆ ಒಳ್ಳೆ ಪ್ರಶ್ನೆ ಯಾವುದು? ನಾವು ಒಂದು ಪರೀಕ್ಷೆ ಇಟ್ಕೊಂಡಿದ್ದೇವೆ. ಆ ಪ್ರಶ್ನೆಗೆ ಗೂಗಲ್, ಅಧಿಸೂಚನೆ, ನಿಮ್ಮ ಮೇಷ್ಟ್ರು ಯಾರಾದ್ರೂ ಉತ್ತರ ಕೊಡಬಹುದಾದರೆ ಅದನ್ನ ಆ ಸೀನಿಯರ್‌ಗೆ ಕೇಳಬೇಡಿ. ಅವರೇ ನಡೆದ ದಾರಿಯಲ್ಲಿ ಅವರು ಮಾಡಿದ ಒಂದು ಆಯ್ಕೆಯ ಬಗ್ಗೆ ಕೇಳಿ. ಅದಕ್ಕೆ ಉತ್ತರ ಅವರ ತಲೆಯಲ್ಲಿ ಮಾತ್ರ ಇರುತ್ತೆ, ಅವರೇನೂ ಹುಡುಕಬೇಕಾಗಿಲ್ಲ.

ಅಂದ್ರೆ ಬರೆಯೋ ಮೊದಲು ಅವರ ದಾರಿ ನಿಮಗೆ ಸ್ವಲ್ಪ ಗೊತ್ತಿರಬೇಕು. ಇದಕ್ಕೆ ಅರ್ಧ ಗಂಟೆ ಕೊಡಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ Alumni ಅಂತ ಒಂದು ಟ್ಯಾಬ್ ಇರುತ್ತೆ. ಹಳೆ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಎಲ್ಲಿ ಕೆಲಸ ಮಾಡ್ತಾರೆ, ಏನು ಓದಿದರು ಅಂತ ಅಲ್ಲಿ ಸೋಸಿ ನೋಡಬಹುದು. ಒಬ್ಬರ ಪುಟ ತೆರೆದು ವರ್ಷಗಳನ್ನು ಗಮನಿಸಿ. ನಮ್ಮ ಹುಡುಗಿ ನೋಡಿದಾಗ, ಆ ಸೀನಿಯರ್ ಬಿ.ಎಸ್ಸಿಗೂ ಎಂ.ಎಸ್ಸಿಗೂ ನಡುವೆ ಒಂದು ವರ್ಷ ಬೋರ್‌ವೆಲ್ ಸರ್ವೆ ಕೆಲಸ ಮಾಡಿದ್ದು ಕಂಡಿತು. ಅವಳ ಎದುರಿಗೆ ಇರುವುದೂ ಅದೇ ಕವಲು. ಪ್ರಶ್ನೆ ಅಲ್ಲೇ ಸಿಕ್ಕಿತು.

ಸಣ್ಣ ಕಾಲೇಜುಗಳ ಪುಟ ಅಲ್ಲಿ ಇಲ್ಲದಿರಬಹುದು, ಇದ್ದರೂ ಹತ್ತು ಜನ ಮಾತ್ರ ಕಾಣಬಹುದು. ಆಗ ನಮ್ಮ ಹಳೆಯ ದಾರಿಯೇ ಒಳ್ಳೇದು, ಮೇಷ್ಟ್ರು. ಯಾವ ಬ್ಯಾಚಿನವರು ಎಲ್ಲಿದ್ದಾರೆ ಅನ್ನೋದು ಹಳೆ ಮೇಷ್ಟ್ರ ಬಾಯಲ್ಲೇ ಇರುತ್ತೆ. ಕೇಳುವಾಗ "ಅವರ ನಂಬರ್ ಕೊಡಿ ಸರ್" ಅನ್ಬೇಡಿ. "ನಾನು ಅವರಿಗೆ ಒಂದು ಮೇಲ್ ಬರೀಬಹುದಾ ಅಂತ ನೀವು ಕೇಳ್ತೀರಾ ಸರ್?" ಅನ್ನಿ. ಅವರು ಒಪ್ಪಿದ ಮೇಲೆ ಬಂದ ವಿಳಾಸಕ್ಕೆ ಬರೆದರೆ ನೀವು ಪೂರ್ತಿ ಅಪರಿಚಿತರಾಗಿ ಉಳಿಯೋದಿಲ್ಲ. ಎಲ್ಲಿಂದಲೋ ಸಿಕ್ಕ ವಾಟ್ಸಾಪ್ ನಂಬರಿಗೆ ರಾತ್ರಿ ಹತ್ತಕ್ಕೆ "ಹಾಯ್ ಸರ್" ಅಂತ ಕಳಿಸಿದರೆ ಬಾಗಿಲು ಅಲ್ಲೇ ಮುಚ್ಚಿಹೋಗುತ್ತೆ.

ಇಲ್ಲಿ ನಮ್ಮಂಥ ಊರುಗಳಿಗೆ ಒಂದು ಅನುಕೂಲ ಇದೆ. ಬಳಗ ಚಿಕ್ಕದಾದಷ್ಟೂ ದಾರ ಗಟ್ಟಿ. ಸಾವಿರಾರು ಜನ ಓದಿದ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಯಾರೂ ತಲೆ ಎತ್ತಿ ನೋಡಲ್ಲ. ಅಕ್ಕಲಕೋಟೆಯ ಹಳ್ಳಿಯೊಂದರ ಕನ್ನಡ ಹೈಸ್ಕೂಲಿನ ಹೆಸರು ಹೇಳಿ, ಪುಣೆಯಲ್ಲಿರೋ ಆ ಸೀನಿಯರ್ ಕೈಯಲ್ಲಿದ್ದ ಕೆಲಸ ಬಿಟ್ಟು ಓದ್ತಾರೆ. ಹಾಗಾಗಿ ಕಾಲೇಜು, ವಿಭಾಗ, ಹೈಸ್ಕೂಲು ಇವುಗಳಲ್ಲಿ ನಿಮ್ಮಿಬ್ಬರಿಗೂ ಸೇರಿದ ಅತಿ ಚಿಕ್ಕ ಬಳಗ ಯಾವುದೋ ಅದನ್ನೇ ಮೊದಲ ಸಾಲಲ್ಲಿ ಹೇಳಿ.

ಈಗ ಅವಳ ಎರಡನೇ ಕರಡು:

ವಿಷಯ: ಕಾಸರಗೋಡು ಜಿಯಾಲಜಿ ವಿದ್ಯಾರ್ಥಿನಿ: ಎಂ.ಎಸ್ಸಿಗೆ ಮೊದಲಿನ ಫೀಲ್ಡ್ ವರ್ಷದ ಬಗ್ಗೆ ಒಂದು ಪ್ರಶ್ನೆ

ನಮಸ್ಕಾರ ಸರ್,

ನಾನು ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ ಜಿಯಾಲಜಿ ಮೂರನೇ ವರ್ಷದಲ್ಲಿದ್ದೇನೆ. ನೀವೂ ಇದೇ ವಿಭಾಗದವರು ಎಂದು ನಮ್ಮ ಮೇಷ್ಟ್ರು ಹೇಳಿದರು. ನಿಮ್ಮ ಒಪ್ಪಿಗೆ ಕೇಳಿ ಈ ವಿಳಾಸ ಕೊಟ್ಟವರೂ ಅವರೇ.

ನನಗೆ ಅಂತರ್ಜಲದ ಕೆಲಸದಲ್ಲಿ ಆಸಕ್ತಿ. ಈ ವರ್ಷದ ಪ್ರಾಜೆಕ್ಟಿಗೆ ನಮ್ಮೂರಿನ 12 ಬಾವಿಗಳ ನೀರಿನ ಮಟ್ಟವನ್ನು, 3 ಸುರಂಗಗಳ ಹರಿವನ್ನು ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ.

ಬಿ.ಎಸ್ಸಿ ಆದ ಮೇಲೆ ನೀವು ಒಂದು ವರ್ಷ ಬೋರ್‌ವೆಲ್ ಸರ್ವೆ ಕೆಲಸ ಮಾಡಿ ಆಮೇಲೆ ಎಂ.ಎಸ್ಸಿಗೆ ಹೋದಿರಿ ಎಂದು ನಿಮ್ಮ ಲಿಂಕ್ಡ್‌ಇನ್ ಪುಟದಲ್ಲಿ ನೋಡಿದೆ. ಆ ಒಂದು ವರ್ಷ ನಿಮಗೆ ಉಪಯೋಗಕ್ಕೆ ಬಂತೇ, ಇಲ್ಲ ಈಗಾದರೆ ನೇರ ಎಂ.ಎಸ್ಸಿಗೇ ಹೋಗುತ್ತಿದ್ದಿರೇ?

ಸೆಪ್ಟೆಂಬರಿನಲ್ಲಿ ಜಾಮ್ ಅರ್ಜಿ ಹಾಕುವ ಮೊದಲು ನಾನು ತೀರ್ಮಾನಿಸಬೇಕಿದೆ. ಎರಡು ಸಾಲಿನ ಉತ್ತರ ಸಾಕು. ಸಮಯ ಇಲ್ಲದಿದ್ದರೆ ಪರವಾಗಿಲ್ಲ ಸರ್.

ವಂದನೆಗಳು,
(ಪೂರ್ತಿ ಹೆಸರು, ತರಗತಿ, ಊರು)

ಇಷ್ಟೇ. ಮೊಬೈಲ್‌ನಲ್ಲಿ ಹೆಬ್ಬೆರಳನ್ನು ಒಂದೆರಡು ಸಲ ಸರಿಸಿದರೆ ಮುಗಿಯುತ್ತೆ. ಒಂದೊಂದು ಭಾಗ ಯಾಕೆ ಅಲ್ಲಿದೆ ಅಂತ ನೋಡೋಣ.

ವಿಷಯದ ಸಾಲು ಕಾಲೇಜಿನ ಊರಿನಿಂದ ಶುರುವಾಗುತ್ತೆ. ಮೊಬೈಲ್ ಪರದೆಯಲ್ಲಿ ವಿಷಯದ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತೆ. ಆ ಕೆಲವು ಪದಗಳಲ್ಲೇ "ಓ, ನಮ್ಮ ಕಾಲೇಜು" ಅಂತ ಅನ್ನಿಸಬೇಕು. "ಮಾರ್ಗದರ್ಶನ ಕೋರಿ" ಅಂತ ಬರೆದರೆ ಯಾರು, ಏನು ಅಂತ ಗೊತ್ತಾಗಲ್ಲ. "ತುರ್ತು" ಅಂತಲೂ ಹಾಕಬೇಡಿ, ಅದು ನಿಮ್ಮ ತುರ್ತು ಮಾತ್ರ, ಅವರದ್ದಲ್ಲ.

ಬಾವಿ ಸುರಂಗ ಅಳೆಯೋ ವಾಕ್ಯ "ತುಂಬಾ ಆಸಕ್ತಿ ಇದೆ" ಅನ್ನೋದರ ಜಾಗದಲ್ಲಿ ಕೂತಿದೆ. ಆಸಕ್ತಿ ಇದೆ ಅಂತ ಯಾರು ಬೇಕಾದರೂ ಬರೀಬಹುದು. ಹನ್ನೆರಡು ಬಾವಿ ಅಳೆಯೋಳಿಗೆ ಮಾತ್ರ ಹನ್ನೆರಡು ಅಂತ ಬರೆಯೋಕೆ ಆಗೋದು. ದೊಡ್ಡ ಕೆಲಸವೇ ಆಗಿರಬೇಕಿಲ್ಲ. ಅಂಗಡಿ ಲೆಕ್ಕ ಬರೆದದ್ದು, ಪಂಚಾಯ್ತಿಯಲ್ಲಿ ಒಂದು ತಿಂಗಳು ಅಪ್ರೆಂಟಿಸ್ ಇದ್ದದ್ದು, ಹೀಗೆ ಮಾಡಿದ ಒಂದು ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಿ. ಆದರೆ ಮಾಡದೇ ಇದ್ದದ್ದನ್ನು ಬರೀಬೇಡಿ. ಅವರು ಅದೇ ಕ್ಷೇತ್ರದವರು, "ನೀರಿನ ಮಟ್ಟ ಮೇ ತಿಂಗಳಲ್ಲಿ ಎಷ್ಟಿತ್ತು?" ಅಂತ ಒಂದೇ ಮಾತು ಕೇಳಿದರೆ ಸಿಕ್ಕಿಬೀಳ್ತೀರಿ.

ಪ್ರಶ್ನೆ ಒಂದೇ ಇದೆ, ಅದರೊಳಗೆ ಎರಡು ಕವಲಿದೆ. ಹೀಗೆ ಕವಲಿಟ್ಟು ಕೇಳಿದರೆ ಉತ್ತರಿಸೋದು ಸುಲಭ. "ಉಪಯೋಗಕ್ಕೆ ಬಂತು, ಯಾಕಂದ್ರೆ" ಅಂತಲೋ, "ಇಲ್ಲ, ನೇರ ಹೋಗು" ಅಂತಲೋ ಶುರು ಮಾಡಿಬಿಡ್ತಾರೆ. ಎರಡು ಮೂರು ಪ್ರಶ್ನೆ ಹಾಕಿದರೆ ಜಾಸ್ತಿ ಉತ್ತರ ಸಿಗುತ್ತೆ ಅಂತ ಅನ್ಸುತ್ತೆ, ಆದರೆ ಆಗೋದು ತಿರುಗಾಮುರುಗಾ. ಎಲ್ಲದಕ್ಕೂ ಸರಿಯಾಗಿ ಉತ್ತರಿಸೋಣ ಅಂತ ಮುಂದಕ್ಕೆ ಹಾಕ್ತಾರೆ, ಕೊನೆಗೆ ಒಂದಕ್ಕೂ ಬರಲ್ಲ. ಉಳಿದ ಪ್ರಶ್ನೆಗಳನ್ನ ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಉತ್ತರ ಬಂದ ಮೇಲೆ ಅವುಗಳ ಸರದಿ.

ಕೊನೆಯ ಭಾಗದಲ್ಲಿ ಮೂರು ಮಾತಿವೆ: ಯಾವಾಗ ಬೇಕು, ಎಷ್ಟು ಬೇಕು, ಕೊಡದಿದ್ದರೂ ಆಗುತ್ತೆ. ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತೆ, ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶುರು. ಆದ್ದರಿಂದ ಅವಳು ಈ ಮೇಲ್ ಕಳಿಸಬೇಕಾದದ್ದು ಆಗಸ್ಟ್ ಮೊದಲ ವಾರದಲ್ಲಿ. ಕೊನೇ ದಿನಾಂಕಕ್ಕೆ ಮೂರು ದಿನ ಇರುವಾಗ ಕಳಿಸಿದರೆ ಉತ್ತರ ಬಂದರೂ ಪ್ರಯೋಜನ ಇಲ್ಲ. "ಪರವಾಗಿಲ್ಲ" ಅನ್ನೋದು ಬರೀ ವಿನಯಕ್ಕಲ್ಲ. ಬೇಡ ಅನ್ನೋ ದಾರಿ ತೆರೆದಿಟ್ಟರೆ ಓದುವವರಿಗೆ ಒತ್ತಡ ಇರಲ್ಲ, ಮನಸ್ಸಿಟ್ಟು ಬರೀತಾರೆ.

ಇನ್ನು ಯಾವ ಭಾಷೆಯಲ್ಲಿ ಬರೀಬೇಕು ಅನ್ನೋದು. ನಮ್ಮ ಊರುಗಳಲ್ಲಿ ಇದು ನಿಜವಾದ ಪ್ರಶ್ನೆ. ಒಂದೇ ಕಾಲೇಜಿನ ಸೀನಿಯರ್ ಕನ್ನಡದವರಿರಬಹುದು, ಮಲೆಯಾಳಂ, ಮರಾಠಿ, ತಮಿಳು, ತೆಲುಗಿನವರೂ ಇರಬಹುದು. ಅವರು ಕನ್ನಡದವರು ಅಂತ ಖಚಿತ ಗೊತ್ತಿದ್ದರೆ ಧೈರ್ಯವಾಗಿ ಕನ್ನಡದಲ್ಲಿ ಬರೀರಿ. ದಿನಕ್ಕೆ ನೂರು ಇಂಗ್ಲಿಷ್ ಮೇಲ್ ನೋಡೋರ ಕಣ್ಣಿಗೆ ಒಂದು ಕನ್ನಡ ಮೇಲ್ ಥಟ್ಟನೆ ಕಾಣುತ್ತೆ. ಖಚಿತ ಇಲ್ಲದಿದ್ದರೆ ಸರಳ ಇಂಗ್ಲಿಷಿನಲ್ಲಿ ಇದೇ ಐದು ಭಾಗ ಬರೆಯಿರಿ. ಅವರು ಯಾವ ಭಾಷೆಯಲ್ಲಿ ಉತ್ತರಿಸ್ತಾರೋ ಮುಂದೆ ಅದೇ ಭಾಷೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತ್ರ ಬೇಡ, ಓದೋಕೆ ಹಿಂಸೆ. ಕಂಪ್ಯೂಟರಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದರೆ ಅವರ ಫೋನಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು, ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಫೋನಿನ ಕನ್ನಡ ಕೀಬೋರ್ಡ್ ಯುನಿಕೋಡೇ.

ಕರೆಯೋದು ಹೇಗೆ? ಊರಲ್ಲಿ ಸಿಕ್ಕಿದ್ದರೆ ಅಣ್ಣ, ಅಕ್ಕ ಅಂತ ಕರೀತಿದ್ವಿ. ಮೊದಲ ಮೇಲ್‌ಗೆ "ಸರ್", "ಮೇಡಂ" ಸಾಕು. ಅವರೇ "ಸರ್ ಎಲ್ಲ ಬೇಡಪ್ಪಾ" ಅಂದ ಮೇಲೆ ಅಣ್ಣ ಅನ್ನಿ. ಮೊದಲ ಸಾಲಲ್ಲೇ ಅಣ್ಣ ಅಂದರೆ ಕೆಲವರಿಗೆ ಹಿಡಿಸುತ್ತೆ, ಕೆಲವರಿಗೆ ಸಲಿಗೆ ಜಾಸ್ತಿಯಾಯ್ತು ಅನ್ಸುತ್ತೆ. ಆ ಜೂಜು ಯಾಕೆ?

ಕಳಿಸುವ ಮುನ್ನ ಒಂದು ಅಭ್ಯಾಸ ಮಾಡ್ಕೊಳ್ಳಿ. To ಅನ್ನೋ ಜಾಗ ಖಾಲಿ ಬಿಟ್ಟು ಮೊದಲು ಮೇಲ್ ಬರೀರಿ, ಗಟ್ಟಿಯಾಗಿ ಓದಿ, ಹೆಸರಿನ ಕಾಗುಣಿತ ನೋಡಿ, ಕೊನೆಗೆ ವಿಳಾಸ ಹಾಕಿ. ಅರ್ಧ ಬರೆದ ಮೇಲ್ ಕೈ ತಪ್ಪಿ ಹೋಗೋದು ಇದರಿಂದ ತಪ್ಪುತ್ತೆ. ರಾತ್ರಿ ಬರೆದಿದ್ದರೆ ಜಿಮೇಲ್‌ನ ಮೂರು ಚುಕ್ಕಿಯ ಮೆನುವಿನಲ್ಲಿ Schedule send ಒತ್ತಿ ಮರುದಿನ ಬೆಳಿಗ್ಗೆಗೆ ಇಡಿ. ನಿಮ್ಮ ಮೇಲ್ ಐಡಿ "ಕೂಲ್ ಬಾಯ್" ಥರ ಇದ್ದರೆ ಹೆಸರಿರುವ ಹೊಸದೊಂದು ಮಾಡಿ. ಐದು ನಿಮಿಷದ ಕೆಲಸ.

ನಮ್ಮದೇ ಒಂದು ತಪ್ಪು ಹೇಳ್ತೀವಿ. ನಮ್ಮಲ್ಲೊಬ್ಬರು ಓದುವಾಗ ನಾಲ್ಕು ಸೀನಿಯರ್‌ಗಳಿಗೆ ಒಂದೇ ಮೇಲ್ ಕಳಿಸಿದ್ದರು. ನಾಲ್ಕೂ ವಿಳಾಸ ಒಟ್ಟಿಗೆ, ಎಲ್ಲರಿಗೂ ಕಾಣೋ ಹಾಗೆ. ಅದರಲ್ಲಿ ಇಬ್ಬರು ಒಂದೇ ಆಫೀಸಿನವರು. ಇವರು ಉತ್ತರಿಸ್ತಾರೆ ಅಂತ ಅವರು, ಅವರು ಉತ್ತರಿಸ್ತಾರೆ ಅಂತ ಇವರು. ಕೊನೆಗೆ ಯಾರೂ ಉತ್ತರಿಸಲಿಲ್ಲ. ಒಬ್ಬರಿಗೆ ಒಂದು ಮೇಲ್, ಅವರದ್ದೇ ದಾರಿಯ ಪ್ರಶ್ನೆ. ಹೆಸರು ಬದಲಿಸಿದರೆ ಇನ್ನೊಬ್ಬರಿಗೂ ಹೊಂದುತ್ತೆ ಅನ್ನೋ ಹಾಗಿದ್ದರೆ ಆ ಮೇಲ್ ಇನ್ನೂ ತಯಾರಾಗಿಲ್ಲ ಅಂತ ತಿಳ್ಕೊಳ್ಳಿ.

ಕಳಿಸಿ ಆಯ್ತು, ಉತ್ತರ ಬರಲಿಲ್ಲ. ಒಂದು ವಾರ, ಹತ್ತು ದಿನ ಬಿಡಿ. ಆಮೇಲೆ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ: "ಸರ್, ಕೆಲಸದ ನಡುವೆ ಕೆಳಗಿನ ಮೇಲ್ ಕಣ್ತಪ್ಪಿರಬಹುದು ಎಂದು ಮತ್ತೆ ಕಳಿಸುತ್ತಿದ್ದೇನೆ. ಈಗ ಆಗದಿದ್ದರೂ ಪರವಾಗಿಲ್ಲ." ಹೊಸ ಮೇಲ್ ಮಾಡಬೇಡಿ, ಹಳೆಯದು ಕೆಳಗೇ ಇರಲಿ. ಇದಕ್ಕೂ ಬರದಿದ್ದರೆ ಅಲ್ಲಿಗೆ ಬಿಡಿ. ಮೂರನೇ ಸಲ ಬೇಡ, ಮೇಷ್ಟ್ರ ಹತ್ತಿರ ದೂರೂ ಬೇಡ. ಬೇರೆ ದಾರಿ ಹಿಡಿದ ಇನ್ನೊಬ್ಬರಿಗೆ ಬರೆಯಿರಿ.

ಬಂದ ಉತ್ತರವೇ ನಿಮ್ಮ ಮೇಲ್ ಹೇಗಿತ್ತು ಅಂತ ಹೇಳುತ್ತೆ. "ಆಲ್ ದಿ ಬೆಸ್ಟ್, ಚೆನ್ನಾಗಿ ಓದಿ" ಅಂತಷ್ಟೇ ಬಂದರೆ ಪ್ರಶ್ನೆ ತೀರಾ ಅಗಲವಾಗಿತ್ತು. "ನಿಮಗೆ ನನ್ನಿಂದ ಏನು ಬೇಕು?" ಅಂತ ಬಂದರೆ ಪ್ರಶ್ನೆ ಎಲ್ಲೋ ಮಧ್ಯದಲ್ಲಿ ಮುಳುಗಿತ್ತು. "ರೆಸ್ಯೂಮೆ ಎಚ್‌ಆರ್‌ಗೆ ಕಳಿಸಿ" ಅಂದರೆ ಅವರು ಅದನ್ನ ಕೆಲಸದ ಅರ್ಜಿ ಅಂತ ಓದಿದ್ದಾರೆ. ಐದಾರು ಜನಕ್ಕೆ ಬರೆದರೂ ಒಂದೂ ಉತ್ತರ ಬರದಿದ್ದರೆ ಮೊದಲು ವಿಷಯದ ಸಾಲು ನೋಡಿ, ಆಮೇಲೆ ಉದ್ದ ನೋಡಿ.

ನಮ್ಮ ಹುಡುಗಿಗೆ ಹೀಗೆ ಉತ್ತರ ಬಂತು ಅಂದ್ಕೊಳ್ಳಿ: "ಉಪಕರಣ ಹಿಡಿಯೋದು ಆ ವರ್ಷ ಕಲಿತೆ. ಆದರೆ ಅಳತೆಯಲ್ಲಿ ಬಂದ ಅಂಕಿ ಏನು ಹೇಳುತ್ತೆ ಅಂತ ಗೊತ್ತಾದದ್ದು ಎಂ.ಎಸ್ಸಿಯಲ್ಲಿ. ಒಂದು ವರ್ಷ ಬೇಕಿರಲಿಲ್ಲ, ರಜೆಯ ಎರಡು ತಿಂಗಳು ಸಾಕಿತ್ತು. ಬೇಕಾದ್ರೆ ಶನಿವಾರ ಫೋನ್ ಮಾಡಮ್ಮ." ನೋಡಿ, ಅವಳು ಕೇಳಿದ್ದು ಎರಡು ದಾರಿ, ಸಿಕ್ಕಿದ್ದು ಮೂರನೆಯದು. ಈ ರಜೆಯ ದಾರಿ ಯಾವ ಅಧಿಸೂಚನೆಯಲ್ಲೂ ಇರಲಿಲ್ಲ.

ಆವತ್ತೇ, ಇಲ್ಲ ಮರುದಿನ, ಅವಳು ಉತ್ತರ ಬರೀಬೇಕು. ಬರೀ "ಥ್ಯಾಂಕ್ಯೂ ಸರ್" ಅಲ್ಲ, ಏನು ಮಾಡ್ತೀನಿ ಅನ್ನೋದನ್ನೂ ಸೇರಿಸಿ: "ಹಾಗಾದರೆ ಜಾಮ್ ಅರ್ಜಿ ಹಾಕುತ್ತೇನೆ, ಬೇಸಿಗೆ ರಜೆಯಲ್ಲಿ ಸರ್ವೆ ಮಾಡುವವರ ಜೊತೆ ಹೋಗಲು ಪ್ರಯತ್ನಿಸುತ್ತೇನೆ. ಶನಿವಾರ ಬೆಳಿಗ್ಗೆ 11ಕ್ಕೆ ಹದಿನೈದು ನಿಮಿಷ ಮಾತಾಡಬಹುದೇ?" ಫೋನಿಗೆ ಮೂರು ಪ್ರಶ್ನೆ ಬರೆದಿಟ್ಟುಕೊಂಡು ಕೂರಬೇಕು. ಹದಿನೈದು ನಿಮಿಷ ಆದಾಗ ಅವಳೇ "ಸಮಯ ಆಯ್ತು ಸರ್" ಅನ್ನಬೇಕು. ಅವರಾಗಿ ಮುಂದುವರಿಸಿದರೆ ಅದು ಅವರ ದೊಡ್ಡ ಮನಸ್ಸು. ಪರೀಕ್ಷೆಯ ಫಲಿತಾಂಶ ಬಂದಾಗ, ಸಿಗಲಿ ಬಿಡಲಿ, ಒಂದು ಸಾಲು ಮತ್ತೆ ಬರೀಬೇಕು. ಹೆಚ್ಚಿನವರು ಮರೆಯೋದು ಇದನ್ನೇ. ನಮಗೆ ಮೇಲ್ ಬರೆದವರಲ್ಲಿ ಆಮೇಲೆ ಏನಾಯ್ತು ಅಂತ ತಿಳಿಸಿದವರ ಹೆಸರು ನಮಗೆ ಇವತ್ತೂ ನೆನಪಿದೆ. ಎಲ್ಲಾದ್ರೂ ಒಂದು ಅವಕಾಶ ಕಂಡಾಗ ಮೊದಲು ನೆನಪಾಗೋದು ಅವರೇ. ಕೆಲಸ ಕೇಳದೆಯೇ ಕೆಲಸದ ಸುಳಿವು ಬರುವುದು ಈ ದಾರಿಯಿಂದ.

ಎರಡು ಎಚ್ಚರಿಕೆ ಹೇಳಿ ಮುಗಿಸ್ತೀವಿ.

ಒಬ್ಬರ ಉತ್ತರ ಒಬ್ಬರ ಅನುಭವ ಮಾತ್ರ. ಅವರು ಹತ್ತು ವರ್ಷದ ಹಿಂದೆ ಓದಿದ್ದರೆ ಅವರ ಕಾಲದ ಸೀಟು, ಶುಲ್ಕ, ಸಂಬಳ ಈಗಿನದ್ದಲ್ಲ. ಅವರ ಮನೆಯ ಪರಿಸ್ಥಿತಿಯೂ ನಿಮ್ಮದಲ್ಲ. ಅದಕ್ಕೇ ಇನ್ನೊಂದು ದಾರಿ ಹಿಡಿದವರನ್ನೂ ಕೇಳಿ. ನಮ್ಮ ಹುಡುಗಿ ನೇರ ಎಂ.ಎಸ್ಸಿಗೆ ಹೋದ ಒಬ್ಬರಿಗೂ ಇಂಥದೇ ಒಂದು ಮೇಲ್ ಬರೀಬೇಕು. ಇಬ್ಬರೂ ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಜಾಸ್ತಿ. ಬೇರೆ ಬೇರೆ ಹೇಳಿದರೆ ಯಾಕೆ ಬೇರೆ ಅಂತ ನೋಡಿದಾಗ ನಿಮ್ಮ ತೀರ್ಮಾನ ನಿಮಗೇ ತಿಳಿಯುತ್ತೆ.

ಎರಡನೇದು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ. ಸಲಹೆ ಕೊಡೋಕೆ ಯಾರಿಗೂ ನಿಮ್ಮ ಫೋಟೋ ಬೇಕಾಗಿಲ್ಲ, ಆಧಾರ್ ಬೇಕಾಗಿಲ್ಲ, ದುಡ್ಡು ಬೇಕಾಗಿಲ್ಲ, ರಾತ್ರಿ ಹನ್ನೊಂದರ ಕರೆಯೂ ಬೇಕಾಗಿಲ್ಲ. "ಕೆಲಸ ಕೊಡಿಸ್ತೀನಿ, ಇಷ್ಟು ಕಟ್ಟು" ಅಂದ ಕ್ಷಣ ಮಾತು ನಿಲ್ಲಿಸಿ, ವಿಳಾಸ ಕೊಟ್ಟ ಮೇಷ್ಟ್ರಿಗೆ ತಿಳಿಸಿ. ಮೇಷ್ಟ್ರ ಮೂಲಕ ಹೋಗಿ ಅಂತ ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಈ ವಾರ ಹೀಗೆ ಮಾಡಿ. ಒಬ್ಬ ಸೀನಿಯರ್ ಹೆಸರು ಹುಡುಕಿ, ಅವರು ಮಾಡಿದ ಒಂದು ಆಯ್ಕೆ ಗುರುತಿಸಿ, ಅದರ ಬಗ್ಗೆ ಒಂದೇ ಪ್ರಶ್ನೆ ಬರೆಯಿರಿ. ಹೆಸರು, ವಿಳಾಸ ತೆಗೆದು ಆ ಕರಡನ್ನು ನಮ್ಮ ಇನ್‌ಬಾಕ್ಸಿಗೆ ಕಳಿಸಿದರೆ ಓದಿ, ಎಲ್ಲಿ ಕತ್ತರಿಸಬೇಕು ಅಂತ ಹೇಳ್ತೀವಿ. ಇನ್ನು ನಮ್ಮ ಓದುಗರಲ್ಲಿ ಈಗಾಗಲೇ ಕೆಲಸದಲ್ಲಿರೋರೇ, ನಿಮಗೂ ಒಂದು ಮಾತು. ಊರಿನ ಹೆಸರು ಹೊತ್ತ ಇಂಥದೊಂದು ಮೇಲ್ ಬಂದರೆ ಎರಡು ಸಾಲು ಬರೆದುಬಿಡಿ. ಅದಕ್ಕಿಂತ ಹೆಚ್ಚು ಅವರು ಕೇಳಿಲ್ಲ.